ಅಂತರ ವಾಪಸ್ ಬರದಿದ್ದಾಗ: ಒಂದು ಪೇರ್ ಟ್ರೇಡ್ ನಿಲ್ಲಿಸಿದ ಅನುಭವ

ಎರಡು ಸಿಮೆಂಟ್ ಕಂಪನಿಗಳ ಷೇರುಗಳ ಮೇಲೆ ನಾನು ಬಹಳ ಕಾಲ ಪೇರ್ ಟ್ರೇಡ್ ಮಾಡುತ್ತಿದ್ದೆ. ಒಂದು ದೊಡ್ಡ ಕಂಪನಿ, ಇನ್ನೊಂದು ಸಣ್ಣದು. ಎರಡೂ ಒಂದೇ ಮಾರುಕಟ್ಟೆಗೆ ಮಾಲು ಕಳಿಸುತ್ತಿದ್ದವು. ಎರಡಕ್ಕೂ ಸುಣ್ಣದ ಕಲ್ಲು ಬೇಕು, ಕಲ್ಲಿದ್ದಲು ಬೇಕು, ಸಾಗಣೆಗೆ ಖರ್ಚು ಮಾಡಬೇಕು. ಕಲ್ಲಿದ್ದಲು ದುಬಾರಿಯಾದರೆ ಇಬ್ಬರಿಗೂ ಏಟು. ಕಟ್ಟಡ ಕೆಲಸ ಜೋರಾದರೆ ಇಬ್ಬರಿಗೂ ಸುಗ್ಗಿ. ಹಾಗಾಗಿ ಎರಡು ಷೇರುಗಳ ಬೆಲೆ ಜೊತೆಜೊತೆಗೇ ಓಡಾಡುತ್ತಿತ್ತು. ಆಗಾಗ ಒಂದು ಸ್ವಲ್ಪ ಮುಂದೆ ಹೋಗುತ್ತಿತ್ತು, ಆಮೇಲೆ ಅಂತರ ಮತ್ತೆ ಮೊದಲಿನಷ್ಟಕ್ಕೇ ಬರುತ್ತಿತ್ತು.

ಈ ಅಂತರವೇ ಸ್ಪ್ರೆಡ್. ಸಿಮೆಂಟ್ ಷೇರು ಏರುತ್ತದಾ ಇಳಿಯುತ್ತದಾ ಎಂದು ಹೇಳುವ ಗೋಜಿಗೆ ನಾನು ಹೋಗುವುದಿಲ್ಲ. ಅಂತರ ಅತಿಯಾದಾಗ ಹಿಂದೆ ಬಿದ್ದದ್ದನ್ನು ಕೊಳ್ಳುತ್ತೇನೆ, ಮುಂದೆ ಹೋದದ್ದನ್ನು ಶಾರ್ಟ್ ಮಾಡುತ್ತೇನೆ, ಅಂದರೆ ಸಾಲ ತಂದು ಮಾರಿ ಆಮೇಲೆ ಕೊಂಡು ಹಿಂತಿರುಗಿಸುತ್ತೇನೆ. ಅಂತರ ಮಾಮೂಲಿ ಮಟ್ಟಕ್ಕೆ ಬಂದಾಗ ಎರಡನ್ನೂ ಮುಗಿಸುತ್ತೇನೆ. ಇಡೀ ಮಾರುಕಟ್ಟೆ ಬಿದ್ದರೂ ಒಂದು ಕಡೆ ಹೋದದ್ದು ಇನ್ನೊಂದು ಕಡೆ ಹೆಚ್ಚುಕಮ್ಮಿ ಬರುತ್ತದೆ. ಆದರೆ ಇದೆಲ್ಲ ಆ ಎರಡು ಷೇರುಗಳ ನಂಟು ಉಳಿದಿರುವ ತನಕ ಮಾತ್ರ. ನಂಟು ಮುರಿದರೆ ಕೈಯಲ್ಲಿ ಉಳಿಯುವುದು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪೊಸಿಷನ್, ಅಷ್ಟೇ. ಈ ಜೋಡಿಯಲ್ಲಿ ಆದದ್ದು ಅದೇ. ಅದು ಹೇಗೆ ಗೊತ್ತಾಯಿತು, ಹೇಗೆ ಹೊರಬಂದೆ ಎಂದು ಹೇಳುತ್ತೇನೆ.

ಮೊದಲು ಜೋಡಿ ಆರಿಸಿದ್ದು ಹೇಗೆ ಎಂದು ಹೇಳಬೇಕು, ಯಾಕೆಂದರೆ ನಿಲ್ಲಿಸುವ ತೀರ್ಮಾನದ ಬೇರು ಅಲ್ಲಿದೆ. ಕಂಪ್ಯೂಟರಿಗೆ 50 ಷೇರು ಕೊಟ್ಟು ‘ಚೆನ್ನಾಗಿ ಹೊಂದುವ ಜೋಡಿ ಹುಡುಕು’ ಎನ್ನುವುದು ಸುಲಭ. ಆದರೆ 50 ಷೇರುಗಳಿಂದ 1,225 ಜೋಡಿ ಆಗುತ್ತವೆ. ನೂರಕ್ಕೆ ಐದು ತಪ್ಪನ್ನು ಒಪ್ಪುವ ಪರೀಕ್ಷೆ ಇಟ್ಟರೆ, ನಿಜವಾದ ನಂಟು ಒಂದರಲ್ಲೂ ಇಲ್ಲದಿದ್ದರೂ ಅರವತ್ತರ ಆಸುಪಾಸು ಜೋಡಿಗಳು ಬರೀ ಅದೃಷ್ಟದಿಂದ ಪಾಸಾಗಿಬಿಡಬಹುದು. ಅದಕ್ಕೇ ನಾನು ಮೊದಲು ಕಾರಣ ಹುಡುಕುತ್ತೇನೆ, ಆಮೇಲೆ ಲೆಕ್ಕ. ಈ ಎರಡು ಕಂಪನಿಗಳನ್ನು ಕಟ್ಟಿಹಾಕಿದ್ದು ಏನು ಎಂದು ಒಂದು ವಾಕ್ಯದಲ್ಲಿ ಬರೆದಿಟ್ಟುಕೊಂಡಿದ್ದೆ: ‘ಇಬ್ಬರ ಲಾಭವೂ ಸಿಮೆಂಟ್ ಬೆಲೆ ಮತ್ತು ಇಂಧನದ ಬೆಲೆಯ ಮೇಲೆ ನಿಂತಿದೆ.’ ಮುಂದೆ ಈ ವಾಕ್ಯ ಬಹಳ ಕೆಲಸಕ್ಕೆ ಬಂತು.

ಇನ್ನೊಂದು ವಿಷಯ. ಎರಡು ಷೇರುಗಳ ದಿನದ ಏರಿಳಿತ ಹೊಂದಿಕೊಂಡರೆ ಸಾಕು ಎಂದು ಹಲವರು ಅಂದುಕೊಳ್ಳುತ್ತಾರೆ. ಅದು ಸಾಲದು. ಒಂದು ದಿನಾ ಸ್ವಲ್ಪ ಜಾಸ್ತಿ ಏರುತ್ತಾ ಹೋದರೆ, ಇಬ್ಬರೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತಿದ್ದರೂ ಅಂತರ ಮಾತ್ರ ಹಿಗ್ಗುತ್ತಲೇ ಇರುತ್ತದೆ. ನಮಗೆ ಬೇಕಾದದ್ದು ಅಂತರ ತನ್ನ ಸರಾಸರಿಗೆ ಮರಳುವ ಗುಣ. ಇದಕ್ಕೆ ಕೋಇಂಟಿಗ್ರೇಶನ್ ಎನ್ನುತ್ತಾರೆ. ಎಂಗಲ್ ಮತ್ತು ಗ್ರೇಂಜರ್ 1987ರಲ್ಲಿ ಕೊಟ್ಟ ಪರೀಕ್ಷೆಯನ್ನೇ ನಾನೂ ಬಳಸುತ್ತೇನೆ. ಸುಮಾರು 250 ವಹಿವಾಟು ದಿನಗಳ ಮುಕ್ತಾಯದ ಬೆಲೆ ತೆಗೆದುಕೊಂಡು, `y` ಸಣ್ಣ ಕಂಪನಿ, `x` ದೊಡ್ಡ ಕಂಪನಿ ಎಂದಿಟ್ಟುಕೊಂಡರೆ:

```python
import statsmodels.api as sm
from statsmodels.tsa.stattools import coint

m = sm.OLS(y, sm.add_constant(x)).fit()
beta = m.params.iloc[1]
spread = y - beta * x
mu, sd = spread.mean(), spread.std()
print(beta, mu, sd, coint(y, x)[1])
```

ಕೊನೆಯ ಅಂಕಿ 0.05ಕ್ಕಿಂತ ಕಡಿಮೆ ಬಂದರೆ ಮುಂದೆ ನೋಡುತ್ತೇನೆ. ಇಲ್ಲಿ `coint` ಬಿಟ್ಟು ಸ್ಪ್ರೆಡ್ ಮೇಲೆ ಸೀದಾ, ಸರಾಸರಿಗೆ ಮರಳುವ ಗುಣ ನೋಡುವ ಮಾಮೂಲಿ ಎಡಿಎಫ್ ಪರೀಕ್ಷೆ ನಡೆಸಿ ಅದರ ಪಟ್ಟಿಯನ್ನು ನೋಡುವುದು ಸರಿಯಲ್ಲ. ಬೀಟಾವನ್ನು, ಅಂದರೆ ದೊಡ್ಡದು ಒಂದು ರೂಪಾಯಿ ಏರಿದರೆ ಸಣ್ಣದು ಎಷ್ಟು ಏರುತ್ತದೆ ಎನ್ನುವ ಅಂಕಿಯನ್ನು, ನಾವೇ ಅದೇ ಡೇಟಾದಿಂದ ಲೆಕ್ಕ ಹಾಕಿರುತ್ತೇವೆ, ಹಾಗಾಗಿ ಗಡಿ ಇನ್ನೂ ಬಿಗಿಯಾಗಿರಬೇಕು. ಎಡಿಎಫ್ ಪಟ್ಟಿಯಲ್ಲಿ ಸುಮಾರು −2.86 ಸಾಕು ಎಂದಿದ್ದರೆ, ಎರಡು ಷೇರಿನ ಜೋಡಿಗೆ ಸುಮಾರು −3.34 ಬೇಕು. `coint` ಇದನ್ನು ತಾನೇ ನೋಡಿಕೊಳ್ಳುತ್ತದೆ.

ನನ್ನ ಜೋಡಿಗೆ ಬಂದ ಅಂಕಿಗಳನ್ನು ಸಲೀಸಾಗಲೆಂದು ದುಂಡಾಗಿಸಿ ಹೇಳುತ್ತೇನೆ. ಬೀಟಾ 0.5. ಅಂದರೆ ಸಣ್ಣ ಕಂಪನಿಯ 200 ಷೇರಿಗೆ ದೊಡ್ಡ ಕಂಪನಿಯ 100 ಷೇರು. ಸಣ್ಣದರ ಬೆಲೆಯಿಂದ ದೊಡ್ಡದರ ಬೆಲೆಯ ಅರ್ಧ ಕಳೆದರೆ ಸ್ಪ್ರೆಡ್. ಅದರ ಸರಾಸರಿ 120, ಸ್ಟ್ಯಾಂಡರ್ಡ್ ಡೀವಿಯೇಶನ್ 15. ಸ್ಪ್ರೆಡ್ ಸರಾಸರಿಯಿಂದ ಎಷ್ಟು 15ರಷ್ಟು ದೂರ ಇದೆ ಎನ್ನುವುದೇ ಝಡ್ ಸ್ಕೋರ್.

ಇನ್ನೊಂದು ಅಂಕಿ ಹಾಫ್ ಲೈಫ್. ಸರಾಸರಿಯಿಂದ ದೂರ ಹೋದ ಸ್ಪ್ರೆಡ್ ಅರ್ಧ ದಾರಿ ವಾಪಸ್ ಬರಲು ಸಾಮಾನ್ಯವಾಗಿ ಎಷ್ಟು ದಿನ ತೆಗೆದುಕೊಳ್ಳುತ್ತದೆ ಎನ್ನುವ ಲೆಕ್ಕ ಇದು. ದಿನದಿಂದ ದಿನಕ್ಕೆ ಸ್ಪ್ರೆಡ್‌ನಲ್ಲಾದ ಬದಲಾವಣೆಯನ್ನು ಹಿಂದಿನ ದಿನದ ಸ್ಪ್ರೆಡ್ ಜೊತೆ ರಿಗ್ರೆಷನ್ ಮಾಡಿದರೆ ಒಂದು ಗುಣಾಂಕ `b` ಸಿಗುತ್ತದೆ. ಹಾಫ್ ಲೈಫ್ ಎಂದರೆ `-ln(2)/ln(1+b)`. ನನಗೆ `b` ಸುಮಾರು −0.056 ಬಂತು, ಹಾಗಾಗಿ ಹಾಫ್ ಲೈಫ್ 12 ವಹಿವಾಟು ದಿನ. ಝಡ್ ಸ್ಕೋರ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಈ ಅಂಕಿಯನ್ನು ಹೆಚ್ಚಿನವರು ಮರೆತುಬಿಡುತ್ತಾರೆ. ನನ್ನ ಮಟ್ಟಿಗೆ ಝಡ್‌ಗಿಂತ ಇದೇ ಮುಖ್ಯ. ಎಷ್ಟು ಕಾಯಬೇಕು ಎಂದು ಹೇಳುವುದು ಇದೊಂದೇ.

ಒಂದು ದಿನ ದೊಡ್ಡ ಕಂಪನಿ 1,040ಕ್ಕೆ, ಸಣ್ಣದು 610ಕ್ಕೆ ಬಂದು ನಿಂತವು. 610ರಿಂದ 520 ಕಳೆದರೆ 90. ಸರಾಸರಿಗಿಂತ 30 ಕೆಳಗೆ, ಅಂದರೆ ಝಡ್ −2. ಸಣ್ಣದರ 200 ಷೇರು ಕೊಂಡು, ದೊಡ್ಡದರ 100 ಷೇರು ಶಾರ್ಟ್ ಮಾಡಿದೆ. ಸ್ಪ್ರೆಡ್ 120ಕ್ಕೆ ಮರಳಿದರೆ 30 ಗುಣಿಸು 200, ಅಂದರೆ 6,000 ಲಾಭ. ಅದರಲ್ಲಿ ನಾಲ್ಕು ಸಲದ ಬ್ರೋಕರೇಜ್, ತೆರಿಗೆ, ಶಾರ್ಟ್ ಮಾಡಲು ಷೇರು ಸಾಲ ಪಡೆದ ಖರ್ಚು ಎಲ್ಲ ಹೋಗಬೇಕು. ಶಾರ್ಟ್ ಮಾಡಿದ ಷೇರಿಗೆ ನಡುವೆ ಡಿವಿಡೆಂಡ್ ಬಂದರೆ ಅದನ್ನೂ ನಾವೇ ತೆರಬೇಕು.

ಆರ್ಡರ್ ಹಾಕುವ ಮೊದಲೇ ಹೊರಬರುವ ಮೂರು ಬಾಗಿಲುಗಳನ್ನು ಬರೆದಿಟ್ಟಿದ್ದೆ. ಒಂದು ಹಣದ್ದು: ಝಡ್ −3.5 ಮುಟ್ಟಿದರೆ, ಅಂದರೆ ಸ್ಪ್ರೆಡ್ 67.5ಕ್ಕೆ ಬಿದ್ದರೆ, 4,500 ನಷ್ಟಕ್ಕೆ ಮುಗಿಸುವುದು. ಎರಡು ಸಮಯದ್ದು: ಮೂರು ಹಾಫ್ ಲೈಫ್, ಅಂದರೆ 36 ವಹಿವಾಟು ದಿನ ಕಳೆದರೂ ಬರದಿದ್ದರೆ ಮುಗಿಸುವುದು. ಮೂರು ಕಾರಣದ್ದು: ಆ ಒಂದು ವಾಕ್ಯ ಸುಳ್ಳಾದ ದಿನ ಮುಗಿಸುವುದು. ಆ ದಿನ ಲಾಭ ಇದೆಯೋ ನಷ್ಟ ಇದೆಯೋ ನೋಡುವಂತಿಲ್ಲ.

ಮೊದಲ ವಾರ ಚೆನ್ನಾಗಿತ್ತು. ಸ್ಪ್ರೆಡ್ 98ರ ತನಕ ಬಂತು. ಆಮೇಲೆ ನಿಧಾನವಾಗಿ ಜಾರಿತು. 90, 86, 83. ಒಂದೇ ದಿನ ಧೊಪ್ಪೆಂದು ಬಿದ್ದಿದ್ದರೆ ಯಾರಾದರೂ ಎಚ್ಚೆತ್ತುಕೊಳ್ಳುತ್ತಾರೆ. ಹೀಗೆ ಜಾರುವಾಗ ಅದು ಕಣ್ಣಿಗೇ ಬೀಳುವುದಿಲ್ಲ. ಎರಡು ಹಾಫ್ ಲೈಫ್ ಕಳೆಯುವ ಹೊತ್ತಿಗೆ ದೊಡ್ಡದು 1,060, ಸಣ್ಣದು ಮತ್ತೆ 610. ಸ್ಪ್ರೆಡ್ 80.

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ. ನನ್ನ ಹಾಳೆಯಲ್ಲಿ ಝಡ್ ಸ್ಕೋರ್‌ಗೆ ಎರಡು ಕಾಲಂ ಇವೆ. ಒಂದು, ಟ್ರೇಡ್ ಶುರು ಮಾಡಿದ ದಿನದ ಸರಾಸರಿ 120 ಮತ್ತು 15ನ್ನು ಹಾಗೆಯೇ ಕಟ್ಟಿಟ್ಟು ಲೆಕ್ಕ ಹಾಕುವುದು. ಇನ್ನೊಂದು, ಕೊನೆಯ 60 ದಿನಗಳ ಸರಾಸರಿಯನ್ನು ದಿನಾ ಹೊಸದಾಗಿ ತೆಗೆಯುವುದು. ಚಾರ್ಟ್ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ತೋರಿಸುವುದು ಈ ಎರಡನೆಯದನ್ನು. ಅವತ್ತು 60 ದಿನದ ಸರಾಸರಿ 102ಕ್ಕೆ ಇಳಿದಿತ್ತು, ಡೀವಿಯೇಶನ್ 16 ಆಗಿತ್ತು. 80ರಿಂದ 102 ಕಳೆದು 16ರಿಂದ ಭಾಗಿಸಿದರೆ −1.4. ಟ್ರೇಡ್ ಶುರುವಾದಾಗ −2 ಇತ್ತು, ಈಗ −1.4. ಈ ಕಾಲಂ ಒಂದನ್ನೇ ನೋಡಿದವರು ‘ವಾಪಸ್ ಬರ್ತಾ ಇದೆ, ಇನ್ನೇನು ಸರಿಹೋಗುತ್ತೆ’ ಎನ್ನುತ್ತಾರೆ. ಕಟ್ಟಿಟ್ಟ ಕಾಲಂನಲ್ಲಿ 80ರಿಂದ 120 ಕಳೆದು 15ರಿಂದ ಭಾಗಿಸಿದರೆ −2.7. ಖಾತೆಯಲ್ಲಿ 2,000 ನಷ್ಟ ಕೂತಿದೆ.

ಸ್ಪ್ರೆಡ್ ಸರಾಸರಿಯ ಹತ್ತಿರ ಬರಲಿಲ್ಲ. ಸರಾಸರಿಯೇ ಕೆಳಗಿಳಿದು ಸ್ಪ್ರೆಡ್ ಹತ್ತಿರ ಹೋಯಿತು. ಸ್ಪ್ರೆಡ್ ಇನ್ನು ಮೂರು ತಿಂಗಳು 80ರ ಆಸುಪಾಸಿನಲ್ಲೇ ನಿಂತಿದ್ದರೆ 60 ದಿನದ ಓಡುವ ಝಡ್ ಸೊನ್ನೆಯ ಹತ್ತಿರ ಬಂದು, ‘ಗುರಿ ಮುಟ್ಟಿತು, ಮುಗಿಸು’ ಎಂದು ಹೇಳುತ್ತಿತ್ತು, ಖಾತೆಯಲ್ಲಿ ನಷ್ಟ ಹಾಗೇ ಇರುತ್ತಿತ್ತು. ಹೊಸ ಜೋಡಿಗೆ ಇಳಿಯಬೇಕಾ ಎಂದು ನೋಡಲು ಓಡುವ ಸರಾಸರಿ ಸರಿ. ಆಗಲೇ ಇಳಿದಿರುವ ಟ್ರೇಡ್ ಆರೋಗ್ಯವಾಗಿದೆಯಾ ಎಂದು ನೋಡಲು ಅದನ್ನು ನಂಬಬಾರದು. ಎರಡೂ ಕಾಲಂ ಒಂದಕ್ಕೊಂದು ದೂರ ಸರಿಯಲು ಶುರುವಾಯಿತು ಎಂದರೆ ಅದೇ ಮೊದಲ ಎಚ್ಚರಿಕೆಯ ಗಂಟೆ. ಸರಾಸರಿ ಜಾಗ ಬದಲಿಸುತ್ತಿದೆ ಎಂದು ಅದರ ಅರ್ಥ.

ಹಾಫ್ ಲೈಫ್ ಕೂಡ ಅದನ್ನೇ ಹೇಳುತ್ತಿತ್ತು. 30ರ ಅಂತರ ಒಂದು ಹಾಫ್ ಲೈಫ್‌ಗೆ 15 ಆಗಬೇಕಿತ್ತು, ಎರಡಕ್ಕೆ ಏಳೂವರೆ. ಸ್ಪ್ರೆಡ್ 112ರ ಆಸುಪಾಸಿನಲ್ಲಿರಬೇಕಿದ್ದ ಹೊತ್ತಿಗೆ 80ರಲ್ಲಿತ್ತು. ಸರಾಸರಿ ಲೆಕ್ಕ ಎಂದಮೇಲೆ ಹಿಂದೆ ಮುಂದೆ ಆಗುವುದು ಸಹಜ. ಆದರೂ ಇಷ್ಟು ದೂರ, ಅದೂ ಉಲ್ಟಾ ದಿಕ್ಕಿಗೆ ಹೋದಾಗ ಸುಮ್ನೆ ಕೂರುವಂತಿರಲಿಲ್ಲ.

ಮೊದಲು ಡೇಟಾ ನೋಡಿದೆ. ಬೋನಸ್ ಷೇರು, ಸ್ಪ್ಲಿಟ್, ಡಿವಿಡೆಂಡ್ ಏನಾದರೂ ಆಗಿ ಬೆಲೆ ಸರಿಹೊಂದಿಸದೆ ಉಳಿದಿದೆಯಾ ಎಂದು. ಸಣ್ಣ ಕಂಪನಿ ಷೇರಿಗೆ 10 ಡಿವಿಡೆಂಡ್ ಕೊಟ್ಟರೆ ಅವತ್ತು ಸ್ಪ್ರೆಡ್ ಸುಮಾರು 10 ಬೀಳುತ್ತದೆ, ಅದು ನಂಟು ಮುರಿದದ್ದಲ್ಲ. ಅಂಥದ್ದೇನೂ ಇರಲಿಲ್ಲ.

ಆಮೇಲೆ ಜೋಡಿಯ ಯಾವ ಕಾಲು, ಅಂದರೆ ಯಾವ ಷೇರು, ಓಡಾಡಿದೆ ಎಂದು ನೋಡಿದೆ. ಸಣ್ಣದು 610ಕ್ಕೆ ಕೊಂಡಿದ್ದೆ, 610ರಲ್ಲೇ ಇದೆ. 2,000 ನಷ್ಟವೆಲ್ಲ ದೊಡ್ಡದು 20 ಏರಿದ್ದರಿಂದ ಬಂದದ್ದು. ಸಿಮೆಂಟ್ ಷೇರುಗಳೆಲ್ಲ ಏರುತ್ತಿದ್ದ ದಿನಗಳವು. ಮೊದಲಾಗಿದ್ದರೆ ದೊಡ್ಡದು 20 ಏರಿದರೆ ಸಣ್ಣದು 10 ಏರುತ್ತಿತ್ತು. ಈಗ ಅದು ಕದಲುತ್ತಿಲ್ಲ. ದಿನದ ಏರಿಳಿತಗಳನ್ನು ಮಾತ್ರ ತೆಗೆದುಕೊಂಡು ಕೊನೆಯ 30 ದಿನದ ಬೀಟಾ ನೋಡಿದೆ. 0.5 ಇದ್ದದ್ದು 0.2 ಆಗಿತ್ತು. ಇಷ್ಟು ಕಡಿಮೆ ದಿನಗಳ ಬೀಟಾ ಬಹಳ ಕುಣಿಯುತ್ತದೆ, ಅದೊಂದನ್ನೇ ಹಿಡಿದು ತೀರ್ಮಾನ ಮಾಡುವುದಿಲ್ಲ. ಆದರೆ ಎಲ್ಲಿ ಹುಡುಕಬೇಕು ಎಂದು ಅದು ತೋರಿಸಿತು. ದೊಡ್ಡ ಕಂಪನಿಯಲ್ಲಿ ವಿಶೇಷ ಏನೂ ಆಗಿಲ್ಲ, ಅದು ಉಳಿದ ಸಿಮೆಂಟ್ ಷೇರುಗಳ ಜೊತೆಗೇ ಹೋಗುತ್ತಿದೆ. ಬದಲಾಗಿರುವುದು ಸಣ್ಣದು.

ಸಣ್ಣ ಕಂಪನಿಯ ಪ್ರಕಟಣೆಗಳನ್ನು ಒಂದೊಂದಾಗಿ ಓದಿದೆ. ಸಿಮೆಂಟಿಗೆ ಸಂಬಂಧವೇ ಇಲ್ಲದ ಉದ್ಯಮದ ಒಂದು ಕಂಪನಿಯನ್ನು ಕೊಳ್ಳುವ ಮಾತುಕತೆ ನಡೆದಿತ್ತು. ಅದು ಮೊದಲೇ ಗೊತ್ತಿದ್ದ ಸುದ್ದಿ, ಸಣ್ಣ ವ್ಯವಹಾರ ಎಂದೇ ಎಲ್ಲರ ಅಂದಾಜು. ತ್ರೈಮಾಸಿಕ ಫಲಿತಾಂಶದ ಜೊತೆ ಪೂರ್ತಿ ವಿವರ ಬಂತು. ಖರೀದಿಯ ಬಹುಪಾಲು ಹಣ ಸಾಲದ್ದು. ಮುಂದಿನ ವರ್ಷಗಳ ಬಂಡವಾಳದಲ್ಲಿ ಅರ್ಧಕ್ಕಿಂತ ಹೆಚ್ಚು ಆ ಹೊಸ ಉದ್ಯಮಕ್ಕೇ ಹೋಗುತ್ತದೆ ಎಂದು ಕಂಪನಿಯೇ ಬರೆದಿತ್ತು. ಬಡ್ಡಿಯ ಹೊರೆ ದುಪ್ಪಟ್ಟಾಗುವ ಲೆಕ್ಕ. ನನ್ನ ವಾಕ್ಯ ತೆಗೆದು ಮತ್ತೆ ಓದಿದೆ: ‘ಇಬ್ಬರ ಲಾಭವೂ ಸಿಮೆಂಟ್ ಬೆಲೆ ಮತ್ತು ಇಂಧನದ ಬೆಲೆಯ ಮೇಲೆ ನಿಂತಿದೆ.’ ಸಣ್ಣ ಕಂಪನಿಯ ಮಟ್ಟಿಗೆ ಅದು ಇನ್ನು ನಿಜವಲ್ಲ. ಅದರ ಲಾಭ ಈಗ ಬಡ್ಡಿ ದರದ ಮೇಲೆ, ಇನ್ನೊಂದು ಉದ್ಯಮದ ಮೇಲೆ ನಿಂತಿದೆ. ಮೂರನೇ ಬಾಗಿಲು ತೆರೆದಾಗಿತ್ತು.

ಜೊತೆಗೆ ಟ್ರೇಡ್ ಮಾಡುವ ಗೆಳೆಯನೊಬ್ಬ ಫೋನ್ ಮಾಡಿದ. ಅವನಿಗೂ ಇದೇ ಜೋಡಿಯಲ್ಲಿ ಪೊಸಿಷನ್ ಇತ್ತು.

‘ಇನ್ನೊಂದು ವಾರ ಬಿಡೋ, ಬಂದೇ ಬರುತ್ತೆ. ಈಗ −2.7 ಇದೆ. −2ಕ್ಕೆ ತಗೊಂಡೋರು ಇಲ್ಲಿ ಇನ್ನಷ್ಟು ತಗೋಬೇಕು ಅಲ್ವಾ?’

‘ಆ −2.7 ಹಳೇ ಕಂಪನಿಯ ಲೆಕ್ಕ ಕಣೋ. ಆ ಕಂಪನಿ ಈಗ ಇಲ್ಲ’ ಎಂದೆ.

ಅವನ ಮಾತಿನಲ್ಲಿ ಲೆಕ್ಕ ಇದೆ. ನಂಟು ಗಟ್ಟಿಯಾಗಿದ್ದರೆ ಅಂತರ ಹೆಚ್ಚಿದಷ್ಟೂ ಅವಕಾಶ ಹೆಚ್ಚು. ಪೇರ್ ಟ್ರೇಡಿಂಗ್‌ನಲ್ಲಿ ಕಷ್ಟ ಇರುವುದು ಇಲ್ಲೇ. ಮಾಮೂಲಿ ಟ್ರೇಡ್‌ನಲ್ಲಿ ಬೆಲೆ ಉಲ್ಟಾ ಹೋದರೆ ‘ನನ್ನ ಅಂದಾಜು ತಪ್ಪಿರಬಹುದು’ ಎನಿಸುತ್ತದೆ. ಇಲ್ಲಿ ಉಲ್ಟಾ ಹೋದಷ್ಟೂ ಮಾದರಿ ‘ಇನ್ನೂ ಅಗ್ಗವಾಯಿತು, ಇನ್ನೂ ಕೊಳ್ಳು’ ಎನ್ನುತ್ತದೆ. ಅಂತರ ಹಿಗ್ಗಿದೆಯೋ, ನಂಟೇ ಮುರಿದಿದೆಯೋ ಎಂದು ಝಡ್ ಸ್ಕೋರ್ ಹೇಳಲಾರದು. ಎರಡರಲ್ಲೂ ಅದು ಒಂದೇ ಅಂಕಿ ಕೊಡುತ್ತದೆ.

ಇವೆರಡರ ವ್ಯತ್ಯಾಸಕ್ಕೆ ತೈಲ ಕಂಪನಿಗಳಾದ ರಾಯಲ್ ಡಚ್ ಮತ್ತು ಶೆಲ್ ಟ್ರಾನ್ಸ್‌ಪೋರ್ಟ್ ಜೋಡಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಅವೆರಡೂ ಒಂದೇ ಉದ್ಯಮದ ಲಾಭವನ್ನು 60:40ರಂತೆ ಹಂಚಿಕೊಳ್ಳುತ್ತಿದ್ದವು, ಅದಕ್ಕೆ ಒಪ್ಪಂದವೇ ಇತ್ತು. ಆದರೂ ಷೇರು ಬೆಲೆಗಳು ಆ ಅನುಪಾತದಿಂದ ವರ್ಷಗಟ್ಟಲೆ ದೂರ ಇರುತ್ತಿದ್ದವು. ಎಲ್‌ಟಿಸಿಎಂ ಎಂಬ ಫಂಡ್ ಈ ಅಂತರದ ಮೇಲೆ ದೊಡ್ಡ ಮೊತ್ತ ಹಾಕಿತ್ತು. 1998ರಲ್ಲಿ ಅಂತರ ಇನ್ನೂ ಹಿಗ್ಗಿತು, ಬೇರೆ ಕಡೆಯೂ ನಷ್ಟವಾಗಿ ಅದು ಕೈಚೆಲ್ಲಬೇಕಾಯಿತು. 2005ರಲ್ಲಿ ಎರಡೂ ಕಂಪನಿಗಳು ಒಂದಾದವು, ಅಂತರದ ಪ್ರಶ್ನೆಯೇ ಹೋಯಿತು. ಅಲ್ಲಿ ನಂಟು ಮುರಿದಿರಲಿಲ್ಲ, ಕಾಯಲು ಹಣ ಸಾಲಲಿಲ್ಲ. ನನ್ನ ಜೋಡಿಯಲ್ಲಿ ಹಣ ಇತ್ತು, ಕಾಯಲು ಕಾರಣ ಇರಲಿಲ್ಲ.

ಇನ್ನೊಂದು ಆಸೆ ಎಂದರೆ ರಿಗ್ರೆಷನ್ ಅನ್ನು ಹೊಸ ದಿನಗಳನ್ನು ಸೇರಿಸಿ ಮತ್ತೆ ನಡೆಸುವುದು. ಹಾಗೆ ಮಾಡಿದರೆ ಸರಾಸರಿ 120ರ ಬದಲು 105 ಬರುತ್ತದೆ, ಗುರಿ ಹತ್ತಿರವಾದಂತೆ ಕಾಣುತ್ತದೆ, ಟ್ರೇಡ್ ಉಳಿಸಿಕೊಳ್ಳಲು ನೆಪ ಸಿಗುತ್ತದೆ. ಆದರೆ ಆ 105 ಹಳೆಯ ಕಂಪನಿಯ ಸರಾಸರಿಯೂ ಅಲ್ಲ, ಹೊಸದರದ್ದೂ ಅಲ್ಲ. ಬದಲಾವಣೆಗೆ ಮುಂಚಿನ ದಿನಗಳನ್ನೂ ಆಮೇಲಿನ ದಿನಗಳನ್ನೂ ಕಲಸಿ ತೆಗೆದ ಅಂಕಿ. ತೆರೆದಿರುವ ಟ್ರೇಡ್‌ಗೆ ನಾನು ಹೊಸ ರಿಗ್ರೆಷನ್ ಹಾಕುವುದಿಲ್ಲ.

ಮಾರನೆಯ ದಿನ ಹೊರಬಂದೆ. ಸಣ್ಣ ಕಂಪನಿಯ ಷೇರಿನಲ್ಲಿ ವಹಿವಾಟು ಕಡಿಮೆ, ಅದಕ್ಕೆ ಅದನ್ನು ಮೊದಲು ಮಾರಲು ಇಟ್ಟೆ. ಐವತ್ತು ಷೇರು ಮಾರಿದ ಹಾಗೆಲ್ಲ ಈಚೆ ಕಡೆ ದೊಡ್ಡದರ 25 ಷೇರು ಕೊಂಡು ಶಾರ್ಟ್ ಮುಚ್ಚುತ್ತಾ ಬಂದೆ. ನಷ್ಟ ಕೊಡುತ್ತಿರುವ ಕಾಲನ್ನು ಮಾತ್ರ ಮುಗಿಸಿ, ‘ಸಣ್ಣದು ಹೇಗೂ ಕೊಂಡ ಬೆಲೆಯಲ್ಲಿದೆ, ಏರಿದಾಗ ಮಾರೋಣ’ ಎಂದು ಇಟ್ಟುಕೊಳ್ಳಬಹುದಿತ್ತು. ಅದು ಪೇರ್ ಟ್ರೇಡ್ ಅಲ್ಲ, ಸಾಲ ಹೊತ್ತ ಒಂದು ಕಂಪನಿಯ ಮೇಲೆ ಒಂಟಿ ಪಂದ್ಯ. ಅಂಥದ್ದನ್ನು ನಾನು ಮೊದಲ ದಿನ ಕೊಳ್ಳುತ್ತಿರಲಿಲ್ಲ ಎಂದಮೇಲೆ ಅವತ್ತು ಇಟ್ಟುಕೊಳ್ಳಲೂ ಕಾರಣ ಇರಲಿಲ್ಲ. ದೊಡ್ಡದು 1,064ಕ್ಕೆ, ಸಣ್ಣದು 610ಕ್ಕೆ. ಸ್ಪ್ರೆಡ್ 78. ನಷ್ಟ 2,400 ಮತ್ತು ಖರ್ಚು. ಹಣದ ಬಾಗಿಲು 4,500ರಲ್ಲಿತ್ತು, ಸಮಯದ ಬಾಗಿಲಿಗೆ ಇನ್ನೂ ದಿನಗಳಿದ್ದವು. ಕಾರಣದ ಬಾಗಿಲು ಮೊದಲು ತೆರೆಯಿತು.

ಹಾಗೆಂದು ಹಣದ ಬಾಗಿಲು ಬೇಡ ಎಂದಲ್ಲ. ಕಾರಣ ತಿಳಿಯಲು ಸಮಯ ಬೇಕು, ಕೆಲವು ಸಲ ಆ ಸಮಯವೇ ಸಿಗುವುದಿಲ್ಲ. 2008ರ ಅಕ್ಟೋಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಷೇರಿನಲ್ಲಿ ಹಾಗಾಯಿತು. ಆ ಕಂಪನಿಯ ಮತದಾನದ ಹಕ್ಕಿರುವ ಷೇರು ದುಬಾರಿಯಾಗಿದೆ ಎಂದು ಅದನ್ನು ಶಾರ್ಟ್ ಮಾಡಿ, ಆದ್ಯತೆ ಷೇರು ಅಥವಾ ಪೋರ್ಷೆ ಷೇರು ಕೊಂಡವರು ಬಹಳ ಮಂದಿ. ಷೇರು ಮತ್ತು ಆಪ್ಷನ್ ಸೇರಿಸಿ ಸುಮಾರು ನೂರಕ್ಕೆ 74ರಷ್ಟು ತನ್ನ ಹಿಡಿತದಲ್ಲಿದೆ ಎಂದು ಪೋರ್ಷೆ ಒಂದು ಭಾನುವಾರ ಪ್ರಕಟಿಸಿತು. ಜರ್ಮನಿಯ ಲೋವರ್ ಸ್ಯಾಕ್ಸನಿ ರಾಜ್ಯದ ಬಳಿ ಇನ್ನೂ ಇಪ್ಪತ್ತು ಇತ್ತು. ಶಾರ್ಟ್ ಮುಚ್ಚಲು ಮಾರುಕಟ್ಟೆಯಲ್ಲಿ ಉಳಿದ ಷೇರು ತೀರಾ ಕಡಿಮೆ. ಮಂಗಳವಾರದ ಹೊತ್ತಿಗೆ ಬೆಲೆ ಸ್ವಲ್ಪ ಹೊತ್ತು 1,000 ಯೂರೋ ದಾಟಿತು. ಬೆಲೆ ಹೀಗೆ ಒಂದೇ ಸಲಕ್ಕೆ ಹಾರಿದರೆ ಸ್ಟಾಪ್ ಲಾಸ್ ಕೂಡ ಹೇಳಿದ ಬೆಲೆಗೆ ಸಿಗುವುದಿಲ್ಲ. ಅದಕ್ಕೇ ಶಾರ್ಟ್ ಕಾಲಿನ ಕಂಪನಿಯಲ್ಲಿ ಮಾರುಕಟ್ಟೆಗೆ ಸಿಗುವ ಷೇರು ಎಷ್ಟಿದೆ, ಯಾರಾದರೂ ಗುಡ್ಡೆ ಹಾಕುತ್ತಿದ್ದಾರಾ ಎಂದು ಇಳಿಯುವ ಮೊದಲೇ ನೋಡುತ್ತೇನೆ. ಒಂದು ಜೋಡಿಗೆ ಒಟ್ಟು ಬಂಡವಾಳದ ಸಣ್ಣ ಪಾಲು ಮಾತ್ರ ಹಾಕುವುದೂ ಅದಕ್ಕೇ.

ನನ್ನ ಸಿಮೆಂಟ್ ಜೋಡಿಯ ಸ್ಪ್ರೆಡ್ ಆಮೇಲೆ ಒಮ್ಮೆ 88ರ ತನಕ ಬಂತು. ಗೆಳೆಯ ಅವತ್ತು ‘ನೋಡು’ ಎಂದು ಮೆಸೇಜ್ ಹಾಕಿದ. ನಾನು ಮತ್ತೆ ಇಳಿಯಲಿಲ್ಲ. ಮುಂದಿನ ತ್ರೈಮಾಸಿಕ ಬರುವಷ್ಟರಲ್ಲಿ ಅದು 40ಕ್ಕಿಂತ ಕೆಳಗಿತ್ತು.

ಈ ಜೋಡಿ ಈಗ ನನ್ನ ಪಟ್ಟಿಯಲ್ಲಿಲ್ಲ. ಮತ್ತೆ ಸೇರಿಸಬೇಕಾದರೆ ಖರೀದಿ ಮುಗಿದ ಮೇಲಿನ ದಿನಗಳದ್ದೇ ಒಂದು ವರ್ಷದ ಬೆಲೆ ಬೇಕು, ಹಳೆಯ ಒಂದು ದಿನವೂ ಅದರಲ್ಲಿ ಸೇರಬಾರದು. ಅದರ ಮೇಲೆ ಪರೀಕ್ಷೆ ಪಾಸಾಗಬೇಕು. ಇಬ್ಬರನ್ನೂ ಕಟ್ಟಿಹಾಕುವುದು ಏನು ಎಂದು ಹೊಸದಾಗಿ ಒಂದು ವಾಕ್ಯ ಬರೆಯಲು ಬರಬೇಕು. ಸದ್ಯಕ್ಕೆ ಆ ವಾಕ್ಯ ನನಗೆ ಸಿಕ್ಕಿಲ್ಲ. ಸಣ್ಣ ಕಂಪನಿಗೆ ಅದರ ಹೊಸ ಉದ್ಯಮದಲ್ಲೇ ಬೇರೆ ಜೊತೆ ಸಿಗಬಹುದಾ ಎಂದು ನೋಡುತ್ತಿದ್ದೇನೆ.